ತೀರ್ಥಹಳ್ಳಿಯ ಐದು ಸೆಕೆಂಡು

ಕೃಷಿ ಸಾಮಗ್ರಿ ಮಾರುವ ಸಹಕಾರಿ ಸಂಘವೊಂದರಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದೆ. ಎಂಬತ್ತರ ದಶಕದ ಕೊನೆಯಲ್ಲಿ ಹೊಸನಗರದ ಮಳಿಗೆಯಲ್ಲಿ ಟೈಪಿಸ್ಟ್ ಆಗಿ ಸೇರಿದವಳು, ನಿವೃತ್ತಿಯ ಹೊತ್ತಿಗೆ ಸಾಗರದ ಕೇಂದ್ರ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಆ ವಿಭಾಗದಲ್ಲಿ ನನ್ನ ಹೊರತು ಬೇರೆ ಯಾರೂ ಇರಲಿಲ್ಲ, ಹಾಗಾಗಿ ಮುಖ್ಯಸ್ಥೆಯಾಗಲು ಪೈಪೋಟಿಯೂ ಇರಲಿಲ್ಲ.

ಇದು ನಾನು ನಿವೃತ್ತಳಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಸಂಘಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಮಳಿಗೆಗಳಿದ್ದವು. ಗೊಬ್ಬರ, ಔಷಧಿ ಹೊಡೆಯುವ ಯಂತ್ರ, ಪೈಪು, ಹಗ್ಗ, ಕತ್ತಿ ಎಲ್ಲಕ್ಕೂ ಬಿಲ್ಲು ಹಾಕುವುದು ಒಂದೇ ವೆಬ್‌ಸೈಟಿನಲ್ಲಿ. ಅದನ್ನು ಮಾಡಿಕೊಟ್ಟಿದ್ದು ಶಿವಮೊಗ್ಗದ ಒಂದು ಸಣ್ಣ ಕಂಪನಿ. ಅಲ್ಲಿನ ಇಂಜಿನಿಯರು ಮಾತಿನಲ್ಲಿ ಮಹಾ ವಿನಯವಂತ. ಆ ವಿನಯದಲ್ಲೇ ಎದುರಿನವರನ್ನು ದಡ್ಡರನ್ನಾಗಿ ಮಾಡುವ ಕಲೆ ಅವನಿಗೆ ಸಿದ್ಧಿಸಿತ್ತು.

ಒಂದು ಮಧ್ಯಾಹ್ನ ತೀರ್ಥಹಳ್ಳಿ ಮಳಿಗೆಯ ಮ್ಯಾನೇಜರ್ ಫೋನ್ ಮಾಡಿದರು. ಮನುಷ್ಯ ಸ್ವಲ್ಪ ಗಟ್ಟಿ ಸ್ವರದವರು, ಫೋನ್ ಇಲ್ಲದೆಯೂ ಸಾಗರಕ್ಕೆ ಕೇಳಿಸಬಹುದಿತ್ತು.

"ಎಂತ ಮೇಡಂ ಇದು? ಬಿಲ್ ಒತ್ತಿದ್ರೆ ಕಂಪ್ಯೂಟರ್ ನಿದ್ದೆ ಹೊಡೀತದೆ. ಜನ ಸಾಲಲ್ಲಿ ನಿಂತು ನನ್ನ ಮುಖ ನೋಡ್ತಾರೆ."

"ದಿನಾ ಹಿಂಗೇನಾ ಸರ್?"

"ದಿನಾ ಅಲ್ಲ. ನಿನ್ನೆ ಸರಿ ಇತ್ತು. ಮೊನ್ನೆ ಇಲ್ಲ. ಅದಕ್ಕೆ ಮನಸ್ಸು ಬಂದಂಗೆ."

ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಇಂಜಿನಿಯರು "ನಮ್ಮ ಸರ್ವರ್ ಕಣ್ಣು ಮಿಟುಕಿಸೋದ್ರಲ್ಲಿ ಉತ್ತರ ಕೊಡತ್ತೆ ಮೇಡಂ, ನಿಮ್ಮ ಲೈನ್ ನೋಡ್ಕೊಳಿ" ಅಂದ. ಇಂಟರ್ನೆಟ್ ಲೈನಿನವರು "ಲೈನ್ ಪಕ್ಕಾ ಇದೆ, ಸರ್ವರ್‌ನವರನ್ನ ಕೇಳಿ" ಅಂದರು. ಹೀಗೆ ಒಂದು ವಾರ ನಾನು ಇಬ್ಬರ ನಡುವೆ ಚೆಂಡಿನಂತೆ ಓಡಾಡಿದೆ. ಕೊನೆಗೆ ಇಂಜಿನಿಯರಿಗೇ ಬೇಸರ ಬಂತೋ ಏನೋ, "ಮೇಡಂ, ನಿಧಾನ ನಿಧಾನ ಅಂದ್ರೆ ನನಗೆ ಏನೂ ತಿಳಿಯಲ್ಲ. ಅಂಕಿ ಕಳಿಸಿ, ಮಾತಾಡೋಣ" ಎಂದು ಒಂದು ಸಾಲಿನ ಆದೇಶವನ್ನು ಕಳಿಸಿದ.

ಅದೇ ಕರ್ಲ್. ಬ್ರೌಸರ್ ಇಲ್ಲದೆ, ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು ವೆಬ್ ಪುಟವನ್ನು ತರಿಸುವ ಸಾಧನ. ಪುಟ ನಮಗೆ ಬೇಡ, ತರಿಸಿ ಬಿಸಾಡು, ಆದರೆ ಎಲ್ಲೆಲ್ಲಿ ಎಷ್ಟು ಹೊತ್ತಾಯಿತು ಎಂದು ಮಾತ್ರ ಹೇಳು ಎಂದರೆ ಹೇಳುತ್ತದೆ. ಯಾವ ಹೊತ್ತುಗಳನ್ನು ಹೇಗೆ ಅಚ್ಚು ಹಾಕಬೇಕು ಎಂಬುದನ್ನು ನಾವೇ ಬರೆದುಕೊಡಬಹುದು. ನಾನು ಇಂಗ್ಲಿಷ್ ಹೆಸರುಗಳನ್ನು ತೆಗೆದು ಕನ್ನಡದಲ್ಲೇ ಬರೆದೆ: ಹೆಸರು, ಸಂಪರ್ಕ, ಗುಟ್ಟು, ಉತ್ತರ, ಒಟ್ಟು.

ನಮ್ಮ ಸೆಕ್ರೆಟರಿ ಹಳೆಯ ಕಾಲದವರು. ಹಿಂದಿನಿಂದ ಬಗ್ಗಿ ನೋಡಿ "ಎಂತದು ಮಾರಾಯ್ತಿ, ಗುಟ್ಟು ಅಂದ್ರೆ?" ಎಂದು ಕೇಳಿದರು. ಅವರಿಗೆ ಟ್ರಂಕ್ ಕಾಲ್ ನೆನಪು ಮಾಡಿದೆ. ಹೊಸನಗರದಲ್ಲಿದ್ದಾಗ ಕೇಂದ್ರ ಕಚೇರಿಗೆ ಟ್ರಂಕ್ ಕಾಲ್ ಹಚ್ಚುವುದೂ ನನ್ನದೇ ಕೆಲಸವಾಗಿತ್ತು. ಮೊದಲು ಬೇಕಾದವರ ನಂಬರು ಯಾವುದು ಎಂದು ಪುಸ್ತಕದಲ್ಲಿ ಹುಡುಕಬೇಕು, ಅದು ಹೆಸರು. ಆಮೇಲೆ ಎಕ್ಸ್‌ಚೇಂಜಿನವರು ಲೈನ್ ಜೋಡಿಸಬೇಕು, ಅದು ಸಂಪರ್ಕ. ಆ ಕಡೆ ಇರುವವರು ನಿಜವಾಗಿ ಅವರೇ ಹೌದಾ ಎಂದು ಖಾತ್ರಿ ಮಾಡಿಕೊಂಡು, ನಡುವೆ ಕೇಳುವವರಿಗೆ ಅರ್ಥವಾಗದ ಭಾಷೆಯೊಂದನ್ನು ಗೊತ್ತು ಮಾಡಿಕೊಳ್ಳುವುದು ಗುಟ್ಟು. ಇಷ್ಟಾದ ಮೇಲೆ ನಾವು ಪ್ರಶ್ನೆ ಕೇಳಿ, ಅವರು ಬಾಯಿ ಬಿಡುವವರೆಗೆ ಕಾಯುವುದು ಉತ್ತರ.

"ನಮ್ಮ ಕಾಲದಲ್ಲಿ ಎರಡನೇದಕ್ಕೇ ಅರ್ಧ ದಿನ ಹೋಗ್ತಿತ್ತು," ಎಂದರು ಸೆಕ್ರೆಟರಿ.

ಸಾಗರದಲ್ಲಿ ಓಡಿಸಿ ನೋಡಿದೆ. ಹೆಸರು 0.03, ಸಂಪರ್ಕ 0.07, ಗುಟ್ಟು 0.18, ಉತ್ತರ 0.45, ಒಟ್ಟು 0.47. ಅರ್ಧ ಸೆಕೆಂಡೂ ಇಲ್ಲ. ಎರಡು ದಿನ ಬಿಟ್ಟು ತೀರ್ಥಹಳ್ಳಿಯಿಂದ ಮತ್ತೆ ಗಟ್ಟಿ ಸ್ವರ ಬಂದಾಗ, ಅಲ್ಲಿನ ಕ್ಯಾಷಿಯರ್ ಅಕ್ಕನಿಗೆ ಫೋನ್ ಕೊಡಿ ಎಂದೆ.

ಅವರ ಬಗ್ಗೆ ಹೇಳಲೇಬೇಕು. ನನಗಿಂತ ಹಿರಿಯರು. ದಿನವೂ ಗಂಜಿ ಹಾಕಿದ ಹತ್ತಿ ಸೀರೆ, ದಪ್ಪ ಕನ್ನಡಕ, ಟೇಬಲ್ ಮೇಲೆ ದೇವರ ಸಣ್ಣದೊಂದು ಪಟ. ಬೆಳಿಗ್ಗೆ ಪಟಕ್ಕೆ ಹೂ ಇಡದೆ ಕಂಪ್ಯೂಟರ್ ಹಚ್ಚಿದವರಲ್ಲ. ಮಳಿಗೆಯಲ್ಲಿ ಯಾರೇ ಗಲಾಟೆ ಮಾಡಿದರೂ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ಸಾಕಿತ್ತು. ನಾನು ಒಂದೊಂದೇ ಅಕ್ಷರ ಹೇಳಿದೆ, ಅವರು ತಪ್ಪಿಲ್ಲದೆ ಟೈಪ್ ಮಾಡಿ ಅಂಕಿಗಳನ್ನು ಮಂತ್ರ ಹೇಳಿದಷ್ಟು ಸ್ಪಷ್ಟವಾಗಿ ಓದಿದರು.

"ಹೆಸರು ಐದು ಪಾಯಿಂಟ್ ಸೊನ್ನೆ ಎರಡು. ಸಂಪರ್ಕ ಐದು ಪಾಯಿಂಟ್ ಸೊನ್ನೆ ಆರು. ಗುಟ್ಟು ಐದು ಪಾಯಿಂಟ್ ಒಂದು ಏಳು. ಉತ್ತರ ಐದು ಪಾಯಿಂಟ್ ನಾಲ್ಕು ನಾಲ್ಕು. ಒಟ್ಟು ಐದು ಪಾಯಿಂಟ್ ನಾಲ್ಕು ಆರು."

ನನಗೆ ರೋಮಾಂಚನವಾಯಿತು. ನಾಲ್ಕರಲ್ಲಿ ದೊಡ್ಡ ಅಂಕಿ ಉತ್ತರದ್ದು. ಅಂದರೆ ಸರ್ವರ್. ಅಂದರೆ ಶಿವಮೊಗ್ಗದ ಆ ವಿನಯವಂತ! ಆ ಸಂಜೆಯೇ ಒಂದು ಪತ್ರ ಬರೆದೆ. "ತಮ್ಮ ಸರ್ವರ್ ಉತ್ತರಿಸಲು ಐದೂವರೆ ಸೆಕೆಂಡು ತೆಗೆದುಕೊಳ್ಳುತ್ತಿರುವುದು ಸಾಕ್ಷಿ ಸಮೇತ ಸಾಬೀತಾಗಿದ್ದು" ಎಂದು ಶುರುವಾದ ಪತ್ರ, "ಇನ್ನಾದರೂ ಲೈನಿನ ಮೇಲೆ ಗೂಬೆ ಕೂರಿಸುವುದನ್ನು ಬಿಟ್ಟು" ಎಂಬಲ್ಲಿಗೆ ತಾರಕಕ್ಕೇರುತ್ತಿತ್ತು. ಸೆಕ್ರೆಟರಿ ಓದಿ, "ಗೂಬೆ ಬೇಕಾ?" ಅಂದರು. ಬೇಕು ಅಂದೆ. ಸಹಿ ಹಾಕಿದರು. ಮೂರೂ ಮಳಿಗೆಗೆ, ಆಡಳಿತ ಮಂಡಳಿಯ ಎಲ್ಲರಿಗೂ ಪ್ರತಿ ಹೋಯಿತು.

ಮಾರನೆಯ ಬೆಳಿಗ್ಗೆ ಇಂಜಿನಿಯರಿನ ಉತ್ತರ ಬಂತು. ಅವನೂ ಎಲ್ಲರಿಗೂ ಪ್ರತಿ ಕಳಿಸಿದ್ದ.

"ಮಾನ್ಯರೇ, ಆ ಅಂಕಿಗಳು ಪ್ರತ್ಯೇಕ ಅಲ್ಲ. ಎಲ್ಲವೂ ಹೊರಟ ಕ್ಷಣದಿಂದ ಎಣಿಸಿದವು. ಸಾಗರದಲ್ಲಿ ಹೊರಟ ಬಸ್ಸಿನ ಕಂಡಕ್ಟರು ಪ್ರತಿ ಸ್ಟಾಪಿನಲ್ಲಿ ಗಡಿಯಾರ ನೋಡಿ ಬರೆದುಕೊಂಡ ಹಾಗೆ. ಕೊನೆಯ ಸ್ಟಾಪಿಗೆ ತಡವಾಗಿ ಬಂತೆಂದರೆ ಕೊನೆಯ ಸ್ಟಾಪಿನದ್ದೇ ತಪ್ಪಲ್ಲ. ಒಂದರಿಂದ ಹಿಂದಿನದನ್ನು ದಯವಿಟ್ಟು ಕಳೆಯಿರಿ."

ಕಳೆದೆ. ಸಂಪರ್ಕಕ್ಕೆ ಹಿಡಿದದ್ದು 0.04. ಗುಟ್ಟಿಗೆ 0.11. ಸರ್ವರ್ ಯೋಚಿಸಿ ಉತ್ತರಿಸಲು 0.27. ಸಾಗರದಲ್ಲೂ ಹೆಚ್ಚುಕಡಿಮೆ ಇಷ್ಟೇ. ಉಳಿದ 5.02 ಪೂರ್ತಿ ಹೆಸರಿನದ್ದು. ನಾಲ್ಕೂ ಅಂಕಿ ಐದರ ಮೇಲೆ ಇದ್ದು ಒಟ್ಟು ಮಾತ್ರ ಐದೂವರೆ ಹೇಗಾಗುತ್ತದೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಗೂಬೆ ಹಾರಿ ಬಂದು ನನ್ನ ಹೆಗಲ ಮೇಲೇ ಕೂತಿತ್ತು. ಸೆಕ್ರೆಟರಿ ಪತ್ರವನ್ನು ಎರಡು ಬಾರಿ ಓದಿ ನಕ್ಕು ಕಾಫಿಗೆ ಹೋದರು.

ಅವಮಾನಕ್ಕಿಂತ ದೊಡ್ಡ ತಾಪತ್ರಯ ಆಮೇಲೆ ಹೊಳೆಯಿತು. ತೀರ್ಥಹಳ್ಳಿಯ ಕಂಪ್ಯೂಟರುಗಳಲ್ಲಿ ಹೆಸರು ಹುಡುಕುವ ಏರ್ಪಾಡು ಮಾಡಿದವಳು ಸ್ವತಃ ನಾನು. ಹಿಂದಿನ ವರ್ಷ ಆ ಮ್ಯಾನೇಜರ್, ಸಿಬ್ಬಂದಿ ಕೆಲಸದ ಹೊತ್ತಿನಲ್ಲಿ ಕ್ರಿಕೆಟ್ ನೋಡುತ್ತಾರೆ, ಏನಾದರೂ ಮಾಡಿ ಎಂದು ಹಟ ಹಿಡಿದಿದ್ದರು. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ನಂಬರು ಕೊಡುವ ಸರ್ವರುಗಳಿರುತ್ತವಲ್ಲ, ಅವುಗಳಲ್ಲಿ ಕೆಲವು ಜರಡಿ ಹಿಡಿಯುತ್ತವೆ. ಬೇಡದ ಸೈಟಿನ ಹೆಸರು ಕೇಳಿದರೆ ನಂಬರೇ ಕೊಡುವುದಿಲ್ಲ. ಅಂಥದ್ದೊಂದನ್ನು ಎಲ್ಲ ಕಂಪ್ಯೂಟರುಗಳಲ್ಲೂ ಮೊದಲನೆಯದಾಗಿ ಬರೆದೆ. ಅದು ಎಂದಾದರೂ ಕೆಟ್ಟರೆ ಬಿಲ್ಲು ನಿಲ್ಲಬಾರದೆಂದು ಲೈನಿನವರ ಸಾದಾ ಸರ್ವರನ್ನು ಎರಡನೆಯದಾಗಿ ಬರೆದೆ. ಅದಕ್ಕೆ ಜರಡಿ ಇರಲಿಲ್ಲ.

ನಮ್ಮ ಹಳೆಯ ಲಿನಕ್ಸ್ ಕಂಪ್ಯೂಟರುಗಳ ಸ್ವಭಾವ ಹೀಗೆ: ಮೊದಲನೆಯದನ್ನು ಕೇಳಿ ಐದು ಸೆಕೆಂಡು ಕಾಯುತ್ತವೆ. ಉತ್ತರ ಬರದಿದ್ದರೆ ಎರಡನೆಯದನ್ನು ಕೇಳುತ್ತವೆ. ಮುಂದಿನ ಸಲ ಮತ್ತೆ ಮೊದಲನೆಯದರಿಂದಲೇ ಶುರು. ಹಿಂದಿನ ಸಲ ಅದು ಮೌನವಾಗಿತ್ತು ಎಂಬ ನೆನಪೂ ಇಲ್ಲ, ಬೇಸರವೂ ಇಲ್ಲ. ಹಾಗಾದರೆ ಜರಡಿ ಸರ್ವರ್ ಆಗಾಗ ಮೌನ ವ್ರತ ಹಿಡಿಯುತ್ತಿದೆ. ಸಾಗರದಿಂದ ಕೇಳಿದರೆ ಅದು ಯಾವಾಗಲೂ ತಕ್ಷಣ ಉತ್ತರ ಕೊಡುತ್ತಿತ್ತು. ತೀರ್ಥಹಳ್ಳಿಯವರೊಡನೆ ಮಾತ್ರ ಏನು ಮುನಿಸು?

ಕರ್ಲನ್ನು ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಓಡಿಸಿ, ಹೊತ್ತಿನ ಸಮೇತ ಅಂಕಿ ಬರೆದಿಡುವ ಪುಟ್ಟ ಕಡತ ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿ ಸಂಘದ ವ್ಯಾನಿನಲ್ಲಿ ಕಳಿಸಿದೆ. ಕ್ಯಾಷಿಯರ್ ಅಕ್ಕ ಅದನ್ನು ತಮ್ಮ ಕಂಪ್ಯೂಟರಿಗೆ ಶ್ರದ್ಧೆಯಿಂದ ಹಾಕಿಕೊಂಡರು. "ಶಿವಮೊಗ್ಗದವ್ರನ್ನ ಹಿಡಿಯಾಕಾ?" ಎಂದು ಫೋನಿನಲ್ಲಿ ಉತ್ಸಾಹದಿಂದ ಕೇಳಿದರು. ಯಾರನ್ನು ಹಿಡಿಯುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಎರಡು ವಾರದ ನಂತರ ಪೆನ್‌ಡ್ರೈವ್ ವಾಪಸು ಬಂತು. ಹೆಚ್ಚಿನ ದಿನ ಹೆಸರಿಗೆ 0.03. ನಾಲ್ಕು ದಿನ ಮಾತ್ರ ಮಧ್ಯಾಹ್ನ ಎರಡೂವರೆ ದಾಟುತ್ತಿದ್ದಂತೆ 5.0ಕ್ಕೆ ಹಾರಿ, ಮಳಿಗೆ ಮುಚ್ಚುವವರೆಗೂ ಅಲ್ಲೇ ನಿಂತಿತ್ತು. ಆ ನಾಲ್ಕು ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಂಡು ಕೂತೆ. ಅಮಾವಾಸ್ಯೆಯಲ್ಲ, ಸಂತೆಯಲ್ಲ, ಕರೆಂಟು ಹೋದ ದಿನವೂ ಅಲ್ಲ. ಊಟದ ಡಬ್ಬಿಯ ಅಡಿಗೆ ಹಾಸಿದ್ದ ಪೇಪರಿನ ಕ್ರೀಡಾ ಪುಟ ಕಣ್ಣಿಗೆ ಬಿತ್ತು. ಏಕದಿನ ಸರಣಿಯ ವೇಳಾಪಟ್ಟಿ. ನಾಲ್ಕಕ್ಕೆ ನಾಲ್ಕೂ ತಾಳೆಯಾಯಿತು. ಐದನೆಯ ಪಂದ್ಯ ಗುರುವಾರ ಇತ್ತು.

ಗುರುವಾರ ಯಾರಿಗೂ ಹೇಳದೆ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಮಳಿಗೆಗೆ ಕಾಲಿಟ್ಟಾಗ ಮೂರು ಗಂಟೆ. ಒಳಗೆ ಗುಡಿಯಷ್ಟು ಶಾಂತಿ. ಗೊಬ್ಬರದ ಕೌಂಟರಿನವರು ಪರದೆಯನ್ನೇ ನೋಡುತ್ತ ಕೂತಿದ್ದರು. ಅಷ್ಟು ಏಕಾಗ್ರತೆಯಿಂದ ಯೂರಿಯಾದ ದಾಸ್ತಾನು ನೋಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮ್ಯಾನೇಜರ್ ತಮ್ಮ ಕೋಣೆಯಲ್ಲಿ ಫೋನಿನಲ್ಲಿದ್ದರು. ಕ್ಯಾಷಿಯರ್ ಅಕ್ಕನ ಎದುರು ಐದಾರು ಜನ ಸಾಲು ನಿಂತಿದ್ದರು.

ಅಕ್ಕ ನನ್ನನ್ನು ನೋಡಿ, "ಅಯ್ಯೋ, ಬಂದ್ರಾ? ಹೇಳದೇ ಬರೋದಾ? ಕೂತ್ಕಳಿ, ಕಾಫಿ ತರಿಸ್ತೀನಿ" ಎಂದರು. ಅವರ ಎಡಗೈ ಮೌಸನ್ನು ಹಿಡಿದು ಏನನ್ನೋ ಕೆಳಗಿಳಿಸಿತು. ಅವರು ಎಡಚಿ ಅಲ್ಲ.

"ಕಾಫಿ ಇರಲಿ ಅಕ್ಕ, ಐದು ನಿಮಿಷ ಕುರ್ಚಿ ಕೊಡಿ."

ಕರ್ಲ್ ಓಡಿಸಿದೆ. ಹೆಸರು 5.01. ಈಗ ಅದೇ ಆದೇಶಕ್ಕೆ ನಮ್ಮ ಬಿಲ್ಲಿನ ಸೈಟಿನ ನಂಬರನ್ನು ನಾನೇ ಸೇರಿಸಿ ಕೊಟ್ಟೆ, ಹುಡುಕುವ ಗೋಜೇ ಬೇಡ ಎಂದು. ಹೆಸರು 0.00, ಒಟ್ಟು 0.43. ಲೈನ್ ನಿರ್ದೋಷಿ, ಸರ್ವರ್ ನಿರ್ದೋಷಿ. ಜರಡಿ ಸರ್ವರನ್ನು ನೇರವಾಗಿ ಕೇಳಿದೆ. ಉತ್ತರವಿಲ್ಲ. ಎರಡನೆಯದನ್ನು ಕೇಳಿದೆ. ಥಟ್ಟನೆ ಹೇಳಿತು. ಇನ್ನು ಉಳಿದದ್ದು ಮಳಿಗೆಯ ಕಂಪ್ಯೂಟರುಗಳನ್ನೆಲ್ಲ ಲೈನಿಗೆ ಜೋಡಿಸುವ, ಮೂಲೆಯಲ್ಲಿ ದೀಪ ಮಿಟುಕಿಸುತ್ತಿದ್ದ ರೌಟರ್. ಅದರ ಪಾಸ್‌ವರ್ಡು ಅದರ ಅಡಿಯಲ್ಲೇ ಚೀಟಿ ಅಂಟಿಸಿಕೊಂಡು ಬಂದಿತ್ತು, ಬದಲಾಯಿಸದೆ ಬಿಟ್ಟವಳೂ ನಾನೇ. ಒಳಹೊಕ್ಕು, ತಡೆಯಬೇಕಾದ ವಿಳಾಸಗಳ ಪಟ್ಟಿ ತೆರೆದೆ. ಒಂದೇ ಒಂದು ನಂಬರಿತ್ತು. ಅದು ಜರಡಿ ಸರ್ವರಿನದ್ದು.

ತಡೆಯುವವನನ್ನೇ ಯಾರೋ ತಡೆದಿದ್ದರು! ಜರಡಿಗೆ ಹೋಗುವ ಪ್ರಶ್ನೆಗಳನ್ನು ರೌಟರ್ ಸದ್ದಿಲ್ಲದೆ ನುಂಗುತ್ತಿತ್ತು. ಕಂಪ್ಯೂಟರ್ ಐದು ಸೆಕೆಂಡು ಕಾದು, ಜರಡಿಯಿಲ್ಲದ ಎರಡನೆಯವರ ಬಳಿ ಹೋಗುತ್ತಿತ್ತು. ಅವರು ಕ್ರಿಕೆಟ್ಟಿನ ನಂಬರನ್ನು ಸಂತೋಷದಿಂದ ಕೊಡುತ್ತಿದ್ದರು. ಪಾಪ, ಬಿಲ್ಲೂ ಅದೇ ಸಾಲಿನಲ್ಲಿ ನಿಂತು ಐದು ಸೆಕೆಂಡು ಕಾಯಬೇಕಿತ್ತು.

ತಲೆ ಎತ್ತಿದೆ. ಕನ್ನಡಕದ ಮೇಲಿನಿಂದ ಅಕ್ಕ ನೋಡುತ್ತಿದ್ದರು.

"ಯಾರು ಅಕ್ಕ ಇದು?" ಪಿಸುಗುಟ್ಟಿದೆ.

"ನಾನೇ," ಎಂದರು, ಅಷ್ಟೇ ಮೆಲ್ಲಗೆ.

"ನಿಮಗೆ ಯಾರು ಹೇಳಿಕೊಟ್ರು?"

"ರೌಟರಿನ ಪೆಟ್ಟಿಗೆಯಲ್ಲಿ ಪುಸ್ತಕ ಇತ್ತಲ್ಲ ಮಾರಾಯ್ತಿ. ಓದಿದೆ. ಕಂಪ್ಯೂಟರಲ್ಲಿ ನೀವು ಬರೆದಿಟ್ಟ ಎರಡು ನಂಬರಲ್ಲಿ ಮೊದಲನೇದನ್ನ ತಡೆದು ನೋಡಿದೆ. ಆಟ ಬಂತು. ಸಂಜೆ ಬಾಗ್ಲು ಹಾಕೋಕೆ ಮುಂಚೆ ತೆಗೆದ್‌ಬಿಡ್ತೀನಿ. ಬಿಲ್ ನಿಧಾನ ಆಗೋದು ಅದರಿಂದ ಅಂತ ನಂಗೆ ಸತ್ಯವಾಗ್ಲೂ ಗೊತ್ತಿರ್ಲಿಲ್ಲ."

"ನೀವು ಕ್ರಿಕೆಟ್ ನೋಡ್ತೀರಾ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಇಪ್ಪತ್ತೆಂಟಕ್ಕೆ ಎರಡು ಹೋಗಿದೆ," ಎಂದರು. ಆಮೇಲೆ ದನಿ ಇನ್ನೂ ತಗ್ಗಿಸಿ, "ಮ್ಯಾನೇಜರಿಗೆ ಹೇಳ್ತೀರಾ? ಹೇಳಿ. ಆದ್ರೆ ಆ ಎರಡನೇ ನಂಬರು ಹಾಕಿದ್ದು ಯಾರು ಅಂತ ಅವ್ರು ಕೇಳ್ತಾರೆ, ನೋಡಿ" ಎಂದರು.

ಮೂವತ್ತು ವರ್ಷದ ನೌಕರಿಯಲ್ಲಿ ನನ್ನನ್ನು ಇಷ್ಟು ಪ್ರೀತಿಯಿಂದ ಯಾರೂ ಹೆದರಿಸಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದ ಹಿರಿಯರೊಬ್ಬರು "ಹಗ್ಗಕ್ಕೆ ಬಿಲ್ ಹಾಕ್ತೀರಾ, ಹಗಲೆಲ್ಲ ನಗ್ತೀರಾ?" ಎಂದು ಗದರಿದರು.

ಅವರ ಮಾತು ನ್ಯಾಯವಾಗಿತ್ತು. ಮೊದಲು ಸಾಲು ಕರಗಬೇಕು. ಪ್ರತಿ ಕಂಪ್ಯೂಟರಿನಲ್ಲೂ ಒಂದು ಖಾಸಗಿ ಪಟ್ಟಿ ಇರುತ್ತದೆ. ಅದರಲ್ಲಿ ಹೆಸರು, ನಂಬರು ಬರೆದಿಟ್ಟರೆ ಅದು ಹೊರಗೆ ಯಾರನ್ನೂ ಕೇಳುವುದಿಲ್ಲ. ಬಿಲ್ಲಿನ ಸೈಟಿನ ಹೆಸರನ್ನೂ ನಂಬರನ್ನೂ ಮೂರು ಕಂಪ್ಯೂಟರುಗಳ ಪಟ್ಟಿಯಲ್ಲಿ ಬರೆದೆ. ಬಿಲ್ಲು ಸರಸರ ಓಡಿತು. ಹಗ್ಗದವರು ಹೋದರು, ಪೈಪಿನವರು ಹೋದರು, ಸಾಲು ಹತ್ತು ನಿಮಿಷದಲ್ಲಿ ಖಾಲಿ.

"ಈಗ ರೌಟರಿನದ್ದು ತೆಗೀತೀನಿ," ಎಂದೆ.

"ತೆಗೀರಿ, ನಿಮ್ಮ ಕೆಲಸ ಅದು. ಈ ಜೋಡಿ ಔಟ್ ಆಗ್ಲಿ."

ಆ ಜೋಡಿ ಔಟ್ ಆಗಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ. ಐದು ಗಂಟೆಯ ತನಕ ಮೂಲೆಯಲ್ಲಿ ಅಂಗೈಯಗಲದ ಕಿಟಕಿಯಲ್ಲಿ ಆಟ ನೋಡಿದೆವು. ಯಾರಾದರೂ ಬಂದರೆ ಅಕ್ಕ ಎಡಗೈಯಲ್ಲಿ ಕಿಟಕಿ ಇಳಿಸಿ ಬಲಗೈಯಲ್ಲಿ ಬಿಲ್ಲು ಹಾಕುತ್ತಿದ್ದರು. ಆಮೇಲೆ ತಡೆ ತೆಗೆದೆ. ಪಾಸ್‌ವರ್ಡ್ ಬದಲಾಯಿಸಿದೆ. ಎರಡನೆಯ ನಂಬರಿನ ಜಾಗಕ್ಕೆ ಅದೇ ಜರಡಿಯವರ ಇನ್ನೊಂದು ಸರ್ವರಿನ ನಂಬರು ಹಾಕಿದೆ. ಅಕ್ಕ ಚೀಲದಿಂದ ಒಂದು ಪುಟ್ಟ ರೇಡಿಯೋ ತೆಗೆದು ಟೇಬಲಿನ ಮೇಲೆ ದೇವರ ಪಟದ ಹಿಂದೆ ಇಟ್ಟರು.

ಮ್ಯಾನೇಜರಿಗೆ, "ಹೆಸರು ಹುಡುಕೋದ್ರಲ್ಲಿ ತೊಡಕಿತ್ತು ಸರ್, ನನ್ನದೇ ಏರ್ಪಾಡಿನ ದೋಷ, ಸರಿಮಾಡಿದ್ದೀನಿ" ಎಂದೆ. ಅದರಲ್ಲಿ ಸುಳ್ಳಿರಲಿಲ್ಲ, ಕೆಲವು ಸಂಗತಿಗಳು ಮಾತ್ರ ಇರಲಿಲ್ಲ. ಇಂಜಿನಿಯರಿಗೆ ಕ್ಷಮಾಪಣೆ ಬರೆದೆ, ಎಲ್ಲರಿಗೂ ಪ್ರತಿ ಕಳಿಸಿಯೇ. ಅವನು ಫೋನ್ ಮಾಡಿ "ಪರವಾಗಿಲ್ಲ ಮೇಡಂ, ಕಳೆಯೋ ಲೆಕ್ಕ ಎಷ್ಟೋ ಇಂಜಿನಿಯರುಗಳಿಗೂ ಬರಲ್ಲ" ಎಂದು ಸಮಾಧಾನ ಹೇಳಿದ. ವಿನಯ ಎಂದರೆ ಅದು.

ಇಷ್ಟಕ್ಕೇ ಮುಗಿದಿದ್ದರೆ ನಾನು ಜಾಣೆ ಎನಿಸಿಕೊಳ್ಳುತ್ತಿದ್ದೆ. ಕೆಲವು ತಿಂಗಳ ನಂತರ ಒಂದು ಸೋಮವಾರ ಬೆಳಿಗ್ಗೆ ಗಟ್ಟಿ ಸ್ವರದ ಫೋನ್ ಬಂತು. ಬಿಲ್ಲು ಈಗ ನಿಧಾನವಲ್ಲ, ಬರುತ್ತಲೇ ಇಲ್ಲ. ಸಾಗರ, ಹೊಸನಗರದಲ್ಲಿ ಎಲ್ಲ ಸರಿ, ತೀರ್ಥಹಳ್ಳಿಯಲ್ಲಿ ಮಾತ್ರ ಸತ್ತಿದೆ. ಪಂದ್ಯವೂ ಇರಲಿಲ್ಲ. ಕ್ಯಾಷಿಯರ್ ಅಕ್ಕನಿಗೆ ಕರ್ಲ್ ಓಡಿಸಲು ಹೇಳಿದೆ. ಅಂಕಿ ಬರಲು ಅರ್ಧ ನಿಮಿಷ ಹಿಡಿಯಿತು.

"ಹೆಸರು ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ," ಓದಿದರು. "ಸಂಪರ್ಕ ಸೊನ್ನೆ. ಗುಟ್ಟು ಸೊನ್ನೆ. ಉತ್ತರ ಸೊನ್ನೆ. ಒಟ್ಟು ಮಾತ್ರ ಮೂವತ್ತು."

ಮೂವತ್ತು ಎಂದರೆ, ಅದಕ್ಕಿಂತ ಹೆಚ್ಚು ಕಾಯಬೇಡ ಎಂದು ನಾನೇ ಆದೇಶದಲ್ಲಿ ಬರೆದಿದ್ದ ಮಿತಿ. ಸಂಪರ್ಕ ಸೊನ್ನೆ ಎಂದರೆ ಬೇಗ ಆಯಿತೆಂದಲ್ಲ, ಆಗಲೇ ಇಲ್ಲ ಎಂದು. ಹೆಸರು ಮಾತ್ರ ಕ್ಷಣದಲ್ಲಿ ಸಿಕ್ಕಿದೆ, ಆದರೆ ಆ ನಂಬರಿನ ಬಾಗಿಲಲ್ಲಿ ಮೂವತ್ತು ಸೆಕೆಂಡು ತಟ್ಟಿದರೂ ಯಾರೂ ಓಗೊಟ್ಟಿಲ್ಲ. ಹೆಸರು ಅಷ್ಟು ಬೇಗ ಹೇಗೆ ಸಿಕ್ಕಿತು ಎಂದು ಯೋಚಿಸುತ್ತಿದ್ದಂತೆ ಒಂದು ಪತ್ರ ನೆನಪಿಗೆ ಬಂತು. ಶಿವಮೊಗ್ಗದವರು ಭಾನುವಾರ ಸರ್ವರನ್ನು ಹೊಸ ನಂಬರಿಗೆ ಸಾಗಿಸುತ್ತೇವೆ ಎಂದು ಹಿಂದಿನ ವಾರವೇ ಪತ್ರ ಕಳಿಸಿದ್ದರು. ಊರೆಲ್ಲ ಹೊಸ ನಂಬರು ಕೇಳಿ ತಿಳಿದುಕೊಂಡಿತ್ತು. ತೀರ್ಥಹಳ್ಳಿಯ ಮೂರು ಕಂಪ್ಯೂಟರುಗಳು ಮಾತ್ರ ಯಾರನ್ನೂ ಕೇಳದೆ, ಆ ಗುರುವಾರ ನಾನು ಬರೆದಿಟ್ಟ ಹಳೆಯ ನಂಬರನ್ನೇ ನಂಬಿ ಖಾಲಿ ಮನೆಯ ಬಾಗಿಲು ತಟ್ಟುತ್ತಿದ್ದವು. ಸಂಜೆಯೇ ಅಳಿಸಬೇಕಿತ್ತು. ಆಟದ ಗುಂಗಿನಲ್ಲಿ ಮರೆತಿದ್ದೆ.

"ಅಕ್ಕ," ಎಂದೆ, "ಅವತ್ತು ನಾನು ಪಟ್ಟಿಯಲ್ಲಿ ಒಂದು ಸಾಲು ಬರೆದಿದ್ದೆ…"

"ನೋಡ್ತಾ ಇದೀನಿ," ಎಂದರು ಅವರು. ಪಟ್ಟಿಯನ್ನು ಆಗಲೇ ತೆರೆದಿದ್ದರು. "ಇದನ್ನ ಅಳಿಸಿದ್ರೆ ಸಾಕಾ?"

"ಸಾಕು. ಮೂರರಲ್ಲೂ."

ಕೀಲಿಗಳು ಟಕಟಕ ಎಂದವು. ಹಿಂದೆ ಮ್ಯಾನೇಜರ್ "ಎಂತ ಆಗಿತ್ತಂತೆ? ಯಾರ ತಪ್ಪಂತೆ?" ಎಂದು ಗುಡುಗುವುದು ಕೇಳಿಸಿತು.

"ಏನಿಲ್ಲ ಸರ್," ಎಂದರು ಅಕ್ಕ, ದೇವರ ಪಟದ ಎದುರು ಕೂತೇ. "ಶಿವಮೊಗ್ಗದವ್ರು ಮನೆ ಬದ್ಲಿಸಿದಾರೆ. ನಮ್ಮ ಕಂಪ್ಯೂಟರಿಗೆ ವಿಳಾಸ ಗೊತ್ತಿರ್ಲಿಲ್ಲ. ಈಗ ಹೇಳಿದೀನಿ."